ಗೆದ್ದಲು ಔಷಧಿ ಹೊಡೆಸುವ ಬಗ್ಗೆ: ಕೆಳಗಿನ ಮನೆಯವರಿಗೆ ಸೂಚನೆ

ದಿನಾಂಕ: 1 ಜೂನ್ 2026
ಕುವೆಂಪುನಗರ, ಮೈಸೂರು

ಸವಿತಾ ಅವರಿಗೆ,

ಬೆಡ್‌ರೂಮಿನ ವಾರ್ಡ್ರೋಬ್ ಹಿಂದೆ ಮಣ್ಣಿನ ಗೆರೆ ಕಾಣ್ತಿದೆ ಅಂತ ನೀವು ಹೇಳಿದ ಮೇಲೆ ಕೆಲಸದವರನ್ನು ಕರೆಸಿ ತೋರಿಸಿದ್ವಿ. ಅದು ಗೆದ್ದಲೇ. ದೇವರ ಮನೆಯ ಬಾಗಿಲ ಚೌಕಟ್ಟಿಗೂ ಹತ್ತಿದೆ. ಮಳೆಗಾಲ ಜೋರಾಗುವ ಮೊದಲೇ ಇಡೀ ಕೆಳಗಿನ ಮನೆಗೆ ಔಷಧಿ ಹಾಕಿಸಬೇಕು ಅಂತ ತೀರ್ಮಾನ ಮಾಡಿದ್ದೇವೆ.

ಕೆಲಸ ನಡೆಯುವುದು ಜೂನ್ 13, ಶನಿವಾರ, ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ. ನೀವು ಮನೆಗೆ ಬರಬಹುದಾದದ್ದು ಜೂನ್ 14, ಭಾನುವಾರ, ಬೆಳಿಗ್ಗೆ 10ರ ನಂತರ. ಆ ದಿನ ನಿಮಗೆ ಆಗಲ್ಲ ಅನ್ನುವುದಾದರೆ ಜೂನ್ 8ರೊಳಗೆ ಫೋನ್ ಮಾಡಿ, ಮುಂದಿನ ಶನಿವಾರಕ್ಕೆ, ಅಂದರೆ 20ಕ್ಕೆ ಹಾಕಿಕೊಳ್ಳೋಣ.

ಗೋಡೆ ಮತ್ತು ನೆಲ ಸೇರುವ ಕಡೆ ಸುಮಾರು ಒಂದು ಅಡಿಗೆ ಒಂದರಂತೆ 12 ಮಿಲಿಮೀಟರ್ ತೂತು ಕೊರೆಯುತ್ತಾರೆ. ಅದರೊಳಗೆ ಇಮಿಡಾಕ್ಲೋಪ್ರಿಡ್ ಅನ್ನುವ ಔಷಧಿಯನ್ನು ನೀರಿನಲ್ಲಿ ಬೆರೆಸಿ ಬಿಟ್ಟು, ಬಿಳಿ ಸಿಮೆಂಟಿನಿಂದ ಮುಚ್ಚುತ್ತಾರೆ. ಚೌಕಟ್ಟು, ವಾರ್ಡ್ರೋಬುಗಳ ಮರಕ್ಕೆ ಎಣ್ಣೆಯಲ್ಲಿ ಬೆರೆಸಿದ ಔಷಧಿ ಹಾಕುತ್ತಾರೆ. ಇದಕ್ಕೆ ವಾಸನೆ ಜಾಸ್ತಿ, ಬೆಂಕಿಯೂ ಬೇಗ ಹತ್ತುತ್ತದೆ. ಹಾಗಾಗಿ ಶನಿವಾರ ಮನೆ ಬಿಡುವ ಮೊದಲು ದೇವರ ದೀಪ ಆರಿಸಿ, ಗ್ಯಾಸ್ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಮಾಡಿ.

ಅಲ್ಲಿಯವರೆಗೆ ಒಂದು ವಿನಂತಿ. ಆ ಮಣ್ಣಿನ ಗೆರೆಯನ್ನು ಕೆರೆಯಬೇಡಿ, ಅಂಗಡಿಯಲ್ಲಿ ಸಿಗುವ ಸ್ಪ್ರೇಯನ್ನೂ ಹೊಡೆಯಬೇಡಿ. ಕೆರೆದರೆ ಮೇಲಿನ ಕೆಲವು ಹುಳು ಸಾಯಬಹುದು, ಗೂಡು ಮಣ್ಣಿನೊಳಗೆ ಹಾಗೇ ಇರುತ್ತದೆ. ಅವು ಬೇರೆ ದಾರಿ ಹಿಡಿಯುತ್ತವೆ. ಗೆರೆ ಹಾಗೇ ಇದ್ದರೆ ಎಲ್ಲಿಂದ ಹತ್ತಿವೆ ಅಂತ ಕೆಲಸದವರಿಗೆ ತಿಳಿಯುತ್ತದೆ.

ಶುಕ್ರವಾರ ರಾತ್ರಿಯೊಳಗೆ ಗೋಡೆಯಿಂದ ಎರಡು ಅಡಿ ಜಾಗ ಖಾಲಿ ಇರಲಿ. ಮಂಚ, ಬೀರು ಸರಿಸಲು ಗುರುವಾರ ಸಂಜೆ ನಮ್ಮ ಮಗ ಬರುತ್ತಾನೆ, ನೀವೊಬ್ಬರೇ ಎತ್ತಲು ಹೋಗಬೇಡಿ. ವಾರ್ಡ್ರೋಬಿನ ಬಟ್ಟೆ, ಪುಸ್ತಕ ಎಲ್ಲ ತೆಗೆದು ನಡುಮನೆಯಲ್ಲಿ ರಾಶಿ ಹಾಕಿ, ಮೇಲೆ ಹಳೇ ಬೆಡ್‌ಶೀಟ್ ಹೊದಿಸಿ. ರಟ್ಟಿನ ಡಬ್ಬಗಳಿದ್ದರೆ ಒಮ್ಮೆ ಬಿಚ್ಚಿ ನೋಡಿ, ಗೆದ್ದಲಿಗೆ ರಟ್ಟು ಬಹಳ ಇಷ್ಟ.

ಅಡುಗೆಮನೆ ವಿಷಯದಲ್ಲಿ ದಯವಿಟ್ಟು ಸ್ವಲ್ಪವೂ ಉದಾಸೀನ ಬೇಡ. ಅಕ್ಕಿ, ರಾಗಿ, ಬೇಳೆ ಡಬ್ಬಗಳು, ತಟ್ಟೆ ಲೋಟ, ವಾಟರ್ ಫಿಲ್ಟರ್, ಮಗುವಿನ ಹಾಲಿನ ಬಾಟಲಿ, ಔಷಧಿಗಳು, ಟೂತ್‌ಬ್ರಷ್ ಸಮೇತ ಎಲ್ಲವನ್ನೂ ಚೀಲಕ್ಕೆ ಹಾಕಿ ಕಟ್ಟಿ, ನಮ್ಮ ಮೇಲಿನ ಸ್ಟೋರ್ ರೂಮಿನಲ್ಲಿಡಿ. ಬಿಂದಿಗೆ, ಬಕೆಟ್ಟುಗಳಲ್ಲಿ ನೀರು ತುಂಬಿಸಿಡಬೇಡಿ. ಸಂಪಿನ ಹತ್ತಿರ ಕೊರೆಯಬಾರದು ಅಂತ ಕೆಲಸದವರಿಗೆ ಹೇಳಿದ್ದೇನೆ, ನಾನೇ ನಿಂತು ನೋಡಿಕೊಳ್ಳುತ್ತೇನೆ. ಮೀನಿನ ತೊಟ್ಟಿಯನ್ನು ನಮ್ಮ ಮನೆಗೆ ತಂದುಬಿಡಿ.

ಹಿತ್ತಿಲ ಗೋಡೆ ಬುಡದ ಮಣ್ಣಿಗೂ ಔಷಧಿ ಬೀಳುತ್ತದೆ. ಬೇರಿನಿಂದ ಎಲೆಗೆ ಏರುವ ಔಷಧಿ ಇದು. ಹಾಗಾಗಿ ಅಲ್ಲಿರುವ ಕರಿಬೇವಿನ ಗಿಡದಿಂದ ಇನ್ನು ಮುಂದೆ ಎಲೆ ಕೀಳಬೇಡಿ. ದೊಡ್ಡಪತ್ರೆ, ತುಳಸಿ ಕುಂಡಗಳನ್ನು ಗೇಟಿನ ಹತ್ತಿರಕ್ಕೆ ಸರಿಸಿ. ಬೇರೆ ಕರಿಬೇವಿನ ಸಸಿಯನ್ನು ನಾನೇ ಕುಂಡದಲ್ಲಿ ನೆಟ್ಟುಕೊಡುತ್ತೇನೆ.

ನಿಮ್ಮ ಅತ್ತೆಯವರಿಗೆ ದಮ್ಮು ಇದೆ, ಮಗು ಇನ್ನೂ ನೆಲದ ಮೇಲೆ ಅಂಬೆಗಾಲಿಡುತ್ತದೆ. ಅವರಿಬ್ಬರನ್ನು ಮಂಗಳವಾರ, ಜೂನ್ 16ರವರೆಗೆ ಈ ಮನೆಯಲ್ಲಿ ಇರಿಸದಿದ್ದರೆ ನನಗೆ ಸಮಾಧಾನ. ಅತ್ತೆಯವರ ಡಾಕ್ಟರನ್ನೂ ಒಮ್ಮೆ ಕೇಳಿ. ನೆಂಟರ ಮನೆಗೆ ಹೋಗಲು ಆಗದಿದ್ದರೆ ಪಕ್ಕದ ಬೀದಿಯಲ್ಲಿರುವ ನಮ್ಮ ತಂಗಿಯ ಮನೆಯಲ್ಲಿ ಒಂದು ರೂಮ್ ಖಾಲಿ ಇದೆ. ಅವಳ ಹತ್ತಿರ ಮಾತಾಡಿದ್ದೇನೆ, ಸಂಕೋಚ ಬೇಡ.

ಭಾನುವಾರ ಬಂದ ತಕ್ಷಣ ಎಲ್ಲ ಕಿಟಕಿ ತೆರೆದು ಫ್ಯಾನ್ ಹಾಕಿ, ಒಂದೆರಡು ಗಂಟೆ ಹೊರಗೇ ಇರಿ. ಅಡುಗೆ ಕಟ್ಟೆಯನ್ನು ಸೋಪು ನೀರಿನಲ್ಲಿ ತೊಳೆದ ಮೇಲೆ ಬಳಸಿ. ನೆಲದ ನಡುಭಾಗ ಒರೆಸಬಹುದು, ಗೋಡೆ ಬುಡವನ್ನು ಒಂದು ವಾರ ತೊಳೆಯಬೇಡಿ. ಸಿಮೆಂಟ್ ಮುಚ್ಚಿದ ತೂತುಗಳನ್ನು ಮಗು ಕೆದಕದಂತೆ ನೋಡಿಕೊಳ್ಳಿ.

ಔಷಧಿ ಮೈಗೆ ತಾಗಿದರೆ ಸೋಪು ಹಚ್ಚಿ ತೊಳೆಯಿರಿ. ಕಣ್ಣಿಗೆ ಬಿದ್ದರೆ 15 ನಿಮಿಷ ಬರೀ ನೀರು ಹಾಕುತ್ತಿರಿ, ಆಮೇಲೆ ಆಸ್ಪತ್ರೆಗೆ ಹೋಗಿ. ಯಾರಾದರೂ ಬಾಯಿಗೆ ಹಾಕಿಕೊಂಡರೆ ವಾಂತಿ ಮಾಡಿಸಬೇಡಿ. ತಕ್ಷಣ 108ಕ್ಕೆ ಕರೆ ಮಾಡಿ. ಔಷಧಿಯ ಹೆಸರು ಬರೆದ ಲೇಬಲ್‌ನ ಫೋಟೋವನ್ನು ಶನಿವಾರವೇ ನಿಮಗೆ ವಾಟ್ಸಾಪ್ ಮಾಡುತ್ತೇನೆ, ಡಾಕ್ಟರಿಗೆ ಅದನ್ನು ತೋರಿಸಬೇಕಾಗುತ್ತದೆ.

ಪೂರ್ತಿ ಖರ್ಚು ನಮ್ಮದು. ನಿಮ್ಮ ಅಡ್ವಾನ್ಸಿನಿಂದ ಏನೂ ಹಿಡಿಯುವುದಿಲ್ಲ. ಜುಲೈ ಬಾಡಿಗೆಯಲ್ಲಿ ಎರಡು ದಿನದ ಹಣ ಕಳೆದು ಕೊಡಿ. ಬೀರು, ಕಪಾಟುಗಳಿಗೆ ಬೀಗ ಹಾಕಿ, ಒಡವೆ ಮತ್ತು ದುಡ್ಡು ನಿಮ್ಮ ಜೊತೆಗೇ ಇರಲಿ. ಮನೆ ಬೀಗದ ಕೈಯನ್ನು ಶನಿವಾರ ಎಂಟೂವರೆಗೆ ನನಗೆ ಕೊಟ್ಟು ಹೋಗಿ. ಕೆಲಸ ಮುಗಿಯುವವರೆಗೆ ನಾನು ಅಲ್ಲೇ ಇರುತ್ತೇನೆ.

ಇಂತಿ,
ಜಯಮ್ಮ
ಮನೆ ಮಾಲೀಕರು, ಮೇಲಿನ ಮನೆ