ನಮ್ಮ ಫೋಟೊಗಳು ಕ್ಷೇಮವಾಗಿರಲು

ಸಂಘದ ಅಧ್ಯಕ್ಷರಿಗೂ ಇಲ್ಲಿ ಸೇರಿರುವ ಹಿರಿಯ ಮಿತ್ರರೆಲ್ಲರಿಗೂ ನಮಸ್ಕಾರ.

ಎರಡು ವರ್ಷಗಳ ಹಿಂದೆ ನನ್ನ ಫೋನಿನಲ್ಲಿ ಜಾಗ ಮುಗಿದಿದೆ ಎಂಬ ಸೂಚನೆ ಬಂದಿತು. ಫೋಟೊಗಳು ಹೇಗೂ ಕ್ಲೌಡ್‌ನಲ್ಲಿ ಇವೆಯಲ್ಲ ಎಂದುಕೊಂಡು, ಮೊಮ್ಮಗಳು ಮೊದಲ ಹೆಜ್ಜೆ ಇಟ್ಟ ದಿನದ ಚಿತ್ರಗಳೂ ಸೇರಿದಂತೆ ಮುನ್ನೂರಕ್ಕೂ ಹೆಚ್ಚು ಫೋಟೊಗಳನ್ನು ಅಳಿಸಿಬಿಟ್ಟೆ. ಸಂಜೆ ಟ್ಯಾಬ್ಲೆಟ್ ತೆರೆದರೆ ಅಲ್ಲಿಯೂ ಅವು ಇರಲಿಲ್ಲ. ಅಂದು ನನಗಾದ ಗಾಬರಿ ನಿಮಗೆ ಆಗಬಾರದೆಂದೇ ಈ ಮಾತುಗಳನ್ನು ಬರೆದುಕೊಂಡು ಬಂದಿದ್ದೇನೆ.

ಕ್ಲೌಡ್ ಎಂದರೆ ಇಂಟರ್ನೆಟ್ ಮೂಲಕ ನಾವು ತಲುಪುವ, ಬೇರೊಬ್ಬರು ನಡೆಸುವ ಕಂಪ್ಯೂಟರುಗಳು. ಅಲ್ಲಿ ಫೋಟೊಗಳನ್ನು ಇಡುವ ಅನೇಕ ಸೇವೆಗಳು ಕನ್ನಡಿಯ ಹಾಗೆ ಕೆಲಸ ಮಾಡುತ್ತವೆ. ಫೋನಿನಲ್ಲಿ ಸೇರಿಸಿದ್ದು ಅಲ್ಲಿಯೂ ಸೇರುತ್ತದೆ, ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಐಫೋನಿನ ಐಕ್ಲೌಡ್ ಫೋಟೋಸ್ ಇರುವುದು ಹೀಗೆಯೇ. ಗೂಗಲ್ ಫೋಟೋಸ್‌ನಲ್ಲಿಯೂ ಬ್ಯಾಕಪ್ ಆದ, ಅಂದರೆ ಕ್ಲೌಡ್‌ಗೆ ನಕಲಾದ, ಚಿತ್ರವನ್ನು ಆ ಆ್ಯಪ್‌ನಲ್ಲಿ ಅಳಿಸಿದರೆ ಅದು ಎರಡೂ ಕಡೆಯಿಂದ ಹೋಗುತ್ತದೆ. ಫೋನಿನಲ್ಲಿ ಜಾಗ ಮಾಡಿಕೊಳ್ಳಬೇಕಾದರೆ ಅಲ್ಲಿ Free up space ಎಂಬ ಆಯ್ಕೆಯಿದೆ. ಅದು ಈಗಾಗಲೇ ಬ್ಯಾಕಪ್ ಆಗಿರುವ ಚಿತ್ರಗಳನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ. ಈ ಎರಡರ ನಡುವಿನ ವ್ಯತ್ಯಾಸವೊಂದನ್ನೇ ನೀವು ಇಂದು ಮನೆಗೆ ಕೊಂಡೊಯ್ದರೂ ನನಗೆ ತೃಪ್ತಿ.

ತಪ್ಪಿ ಅಳಿಸಿದರೆ ಕೂಡಲೇ ಕೈಚೆಲ್ಲಬೇಕಾಗಿಲ್ಲ. ಬ್ಯಾಕಪ್ ಆಗಿದ್ದ ಚಿತ್ರಗಳು ಗೂಗಲ್ ಫೋಟೋಸ್‌ನ ಕಸದ ಬುಟ್ಟಿಯಲ್ಲಿ 60 ದಿನ ಉಳಿದಿರುತ್ತವೆ. ಬ್ಯಾಕಪ್ ಆಗದೆ ಇದ್ದವು 30 ದಿನ ಮಾತ್ರ. ಐಫೋನಿನಲ್ಲಿ Recently Deleted ಎಂಬಲ್ಲಿ ಸುಮಾರು 30 ದಿನ ಇರುತ್ತವೆ. ನನ್ನ ಮೊಮ್ಮಗಳ ಚಿತ್ರಗಳು ಮರಳಿ ಸಿಕ್ಕಿದ್ದು ಇಂಥ ಬುಟ್ಟಿಯಿಂದಲೇ. ಆದ್ದರಿಂದ ಬುಟ್ಟಿಯನ್ನು ಅವಸರದಲ್ಲಿ ಖಾಲಿ ಮಾಡಬೇಡಿ.

ಬ್ಯಾಕಪ್ ಆನ್ ಆಗಿದೆ ಎಂದ ಮಾತ್ರಕ್ಕೆ ಅದು ನಡೆಯುತ್ತಿದೆ ಎಂದು ತಿಳಿಯಬಾರದು. ಗೂಗಲ್ ಖಾತೆಯಲ್ಲಿ ಸಾಮಾನ್ಯವಾಗಿ 15 ಜಿಬಿ ಉಚಿತ ಜಾಗವಿದ್ದು, ಜಿಮೇಲ್, ಡ್ರೈವ್, ಫೋಟೊ ಮೂರೂ ಅದನ್ನೇ ಹಂಚಿಕೊಳ್ಳುತ್ತವೆ. ಐಕ್ಲೌಡ್‌ನಲ್ಲಿ ಉಚಿತವಾಗಿ ಸಿಗುವುದು 5 ಜಿಬಿ. ಜಾಗ ತುಂಬಿದ ದಿನದಿಂದ ಹೊಸ ಚಿತ್ರಗಳು ಕ್ಲೌಡ್‌ಗೆ ಹೋಗುವುದಿಲ್ಲ, ನಾವು ಮಾತ್ರ ಹೋಗುತ್ತಿವೆ ಎಂದೇ ನಂಬಿರುತ್ತೇವೆ. ತಿಂಗಳಿಗೊಮ್ಮೆ ಗೂಗಲ್ ಫೋಟೋಸ್ ಆ್ಯಪ್ ತೆರೆದು, ಮೇಲ್ಭಾಗದಲ್ಲಿರುವ ನಿಮ್ಮ ಚಿತ್ರವನ್ನು ಒತ್ತಿ, Backup complete ಎಂದು ಇದೆಯೇ ನೋಡಿ. ಅದಕ್ಕಿಂತಲೂ ಗಟ್ಟಿಯಾದ ಪರೀಕ್ಷೆಯೆಂದರೆ, ನಿನ್ನೆ ತೆಗೆದ ಒಂದು ಫೋಟೊ ಬೇರೆ ಕಂಪ್ಯೂಟರಿನಲ್ಲಿ ಕಾಣುತ್ತದೆಯೇ ಎಂದು ನೋಡುವುದು.

ಜಾಗ ತುಂಬಿದೆ, ಇಂದೇ ಹಣ ಕಟ್ಟದಿದ್ದರೆ ಎಲ್ಲ ಫೋಟೊಗಳೂ ಅಳಿಸಿಹೋಗುತ್ತವೆ ಎಂಬ ಸಂದೇಶ ಬಂದರೆ ಅದರಲ್ಲಿರುವ ಲಿಂಕನ್ನು ದಯವಿಟ್ಟು ಒತ್ತಬೇಡಿ. ನಿಜಕ್ಕೂ ಜಾಗ ತುಂಬಿದ್ದರೆ ಆ್ಯಪ್ ಅನ್ನು ನೀವೇ ತೆರೆದಾಗಲೂ ಅದು ಕಾಣಿಸುತ್ತದೆ. ಒಟಿಪಿಯನ್ನು ಯಾರು ಕೇಳಿದರೂ, ಎಷ್ಟೇ ವಿನಯದಿಂದ ಕೇಳಿದರೂ, ಹೇಳಬಾರದು. ಇಮೇಲ್ ಖಾತೆಗೆ ಬೇರೆಲ್ಲೂ ಬಳಸದ ಉದ್ದನೆಯ ಪಾಸ್‌ವರ್ಡ್ ಇರಲಿ, ಪಾಸ್‌ವರ್ಡ್ ಜೊತೆಗೆ ಇನ್ನೊಂದು ದೃಢೀಕರಣವನ್ನೂ ಕೇಳುವ ಎರಡು ಹಂತದ ಪರಿಶೀಲನೆ ಆನ್ ಆಗಿರಲಿ. ಫೋನೇ ಕಳೆದುಹೋದರೆ ಒಳಗೆ ಹೋಗಲು ಗೂಗಲ್ ಕೊಡುವ ಬ್ಯಾಕಪ್ ಕೋಡ್‌ಗಳನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಟ್ಟುಕೊಳ್ಳಿ. ಪಾಸ್‌ವರ್ಡ್ ಬರೆದಿಡುವುದು ತಪ್ಪೆಂದು ಕೆಲವರು ಹೇಳುತ್ತಾರೆ. ನಮ್ಮ ವಯಸ್ಸಿನಲ್ಲಿ ಮರೆವಿನ ಅಪಾಯವೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಬೀಗವಿರುವ ಜಾಗದಲ್ಲಿ ಇಟ್ಟರೆ ಸಾಕು, ಫೋನಿನ ಕವರಿನೊಳಗೆ ಮಾತ್ರ ಬೇಡ.

ಗುರುತಿನ ಚೀಟಿ, ಬ್ಯಾಂಕ್ ಪುಸ್ತಕಗಳ ಫೋಟೊಗಳು ಕುಟುಂಬದ ಆಲ್ಬಮ್‌ನೊಂದಿಗೆ ಬೆರೆಯದಂತೆ ನೋಡಿಕೊಳ್ಳಿ. ಆಲ್ಬಮ್‌ನ ಲಿಂಕ್ ಹಂಚಿದರೆ, ಆ ಲಿಂಕ್ ಕೈಸೇರಿದ ಬೇರೆಯವರೂ ಅದನ್ನು ನೋಡಬಹುದು.

ಇಷ್ಟೆಲ್ಲ ಮಾಡಿದರೂ ಕ್ಲೌಡ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಗೂಗಲ್ ಖಾತೆಯನ್ನು ಎರಡು ವರ್ಷ ಬಳಸದಿದ್ದರೆ ಅದನ್ನು ಫೋಟೊಗಳ ಸಮೇತ ಅಳಿಸುವ ಹಕ್ಕನ್ನು ಆ ಸಂಸ್ಥೆ ಇಟ್ಟುಕೊಂಡಿದೆ. ನಾನು ಆರು ತಿಂಗಳಿಗೊಮ್ಮೆ ಮಗಳ ನೆರವಿನಿಂದ ಎಲ್ಲ ಫೋಟೊಗಳನ್ನೂ ಒಂದು ಹಾರ್ಡ್ ಡಿಸ್ಕಿಗೆ ನಕಲು ಮಾಡಿ, ಅದರ ಮೇಲೆ ದಿನಾಂಕದ ಚೀಟಿ ಅಂಟಿಸಿ, ಅವಳ ಮನೆಯಲ್ಲಿಯೇ ಇಡುತ್ತೇನೆ. ನಮ್ಮ ನಂತರ ಈ ಚಿತ್ರಗಳು ಯಾರಿಗೆ ಸಿಗಬೇಕೆಂದು ಮೊದಲೇ ತಿಳಿಸಿಡಲು ಗೂಗಲ್‌ನಲ್ಲಿ Inactive Account Manager, ಆಪಲ್‌ನಲ್ಲಿ Legacy Contact ಎಂಬ ಏರ್ಪಾಡುಗಳಿವೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದು ಬಿಡುವಿನ ಮಧ್ಯಾಹ್ನ ಅದನ್ನು ಭರ್ತಿ ಮಾಡಿ.

ಈಗ ಎಲ್ಲರೂ ಫೋನ್ ಕೈಗೆತ್ತಿಕೊಳ್ಳಿ. ಫೋಟೊಗಳ ಆ್ಯಪ್ ತೆರೆದು ಬ್ಯಾಕಪ್ ಯಾವ ಸ್ಥಿತಿಯಲ್ಲಿದೆ ಎಂದು ಒಟ್ಟಿಗೆ ನೋಡೋಣ. ತಿಳಿಯದವರು ಕೈ ಎತ್ತಿ, ನಾನೇ ನಿಮ್ಮ ಬಳಿಗೆ ಬರುತ್ತೇನೆ.