ಹಳ್ಳದ ದಂಡೆಯ ಮರ

ಸರ್ವೆಯವರು ಬರುವುದರೊಳಗೆ ಪಾಲಿನ ಮಾತು ಮುಗಿಸೋಣ ಎಂದು ರಿಪ್ಪನ್‌ಪೇಟೆಯಿಂದ ಶಾರದತ್ತೆಯನ್ನು ಕರೆಸಿದ್ದರು. ಎರಡೂವರೆ ಎಕರೆ ಮಾವಿನ ತೋಟ. ರಸ್ತೆ ಕಡೆ ಕಸಿ ಮಲ್ಲಿಕಾ, ಹಳ್ಳದ ಕಡೆ ಅಜ್ಜನ ಕಾಲದ ಅಪ್ಪೆಮಿಡಿ. ಅಣ್ಣ ಸುಬ್ರಾಯನಿಗೆ ಬೇಕಾದದ್ದು ಹಳ್ಳದ ಕಡೆ. ಬೆಂಗಳೂರಿನಿಂದ ಬಂದಿದ್ದ ತಮ್ಮ ಗಣಪತಿಗೂ ಅದೇ.

ಅತ್ತೆ ಕವಳ ಹಾಕಿಕೊಂಡು ಕೂತಳು.

"ಸುಬ್ರಾಯ, ಈ ಸಲ ಮಿಡಿ ಎಷ್ಟು ಬಂತು?"

"ಗೊತ್ತಿಲ್ಲ ಅತ್ತೆ, ಚೇಣಿಗೆ ಕೊಟ್ಟಿದ್ದೆ."

"ಮನೆಗೆ ಉಪ್ಪಿಗೆ ಹಾಕ್ಲಿಲ್ವ?"

"ಅಂಗಡಿ ಉಪ್ಪಿನಕಾಯಿ ತಂದ್ವಿ."

"ಮತ್ತೆ ಆ ಕಡೇನೇ ಎಂತಕ್ಕೆ?"

"ನೀರು ಹತ್ತಿರ."

"ಹಳೇ ಮಾವಿನ ಮರಕ್ಕೆ ನೀರು ಹಾಯ್ಸಿದ್ದು ನಾನು ಕಂಡಿಲ್ಲಪ್ಪ."

ಸುಬ್ರಾಯ ಗೋಡೆ ನೋಡಿದ. ಅತ್ತೆಗೆ ಅವಸರವಿರಲಿಲ್ಲ, ಸುಣ್ಣದ ಡಬ್ಬಿ ಮುಚ್ಚಿ ಕಾದಳು. ಕೊನೆಗೆ ಬಾಯಿ ಬಿಟ್ಟ. ಮೇಲಿನ ಅಡಿಕೆ ತೋಟಕ್ಕೆ ಎಲೆಚುಕ್ಕೆ ರೋಗ ಹಿಡಿದು ಫಸಲು ಅರ್ಧಕ್ಕಿಳಿದಿದೆ, ಸೊಸೈಟಿ ಸಾಲ ಹಾಗೇ ಇದೆ, ಮಗಳ ಕಾಲೇಜು ಬೇರೆ. ಹಳ್ಳದ ಕಡೆ ಅಡಿಕೆ ಹಾಕಬೇಕು. ಅಪ್ಪ ಇರುವಷ್ಟು ದಿನ ಆ ಮಾತು ಎತ್ತಲಿಲ್ಲ.

"ಮರ ಕಡೀತೀಯ?" ಗಣಪತಿ ಎದ್ದೇಬಿಟ್ಟ. "ಅವು ಅಪ್ಪನ ಮರ!"

ಪಾಲಿನ ಮಾತಿನಲ್ಲಿ ಅಪ್ಪನ ಹೆಸರು ಬಂತೆಂದರೆ ಒಳಗೆ ಬೇರೇನೋ ಇದೆ ಎಂದೇ ಲೆಕ್ಕ. ಅತ್ತೆಗೆ ಅದು ಗೊತ್ತಿತ್ತು.

"ಕೂತ್ಕ. ಅಷ್ಟೂ ಮರದ ಮಿಡಿ ನಿಂಗೆ ಬೇಕಾ?"

ಗಣಪತಿ ಹೇಳತೊಡಗಿದ. ಹಳ್ಳಕ್ಕೆ ಬಾಗಿದ ಮರಕ್ಕೆ ಅಪ್ಪ ಬುಟ್ಟಿ, ಹಗ್ಗ ಹಿಡಿದು ಹತ್ತುತ್ತಿದ್ದದ್ದು. ತೊಟ್ಟು ಸಮೇತ ಕೊಯ್ದು ಬುಟ್ಟಿಯನ್ನು ಮೆಲ್ಲಗೆ ಇಳಿಬಿಡುತ್ತಿದ್ದದ್ದು. ನೆಲಕ್ಕೆ ಬಿದ್ದ ಮಿಡಿ ಭರಣಿಗೆ ಸೇರುವಂತಿರಲಿಲ್ಲ, ಒಂದು ಕೊಳೆತರೆ ಉಳಿದವೂ ಹೋಗುತ್ತವೆ. ಕೆಳಗೆ ನಿಂತವರ ಕೈಗೆ ಸಂಜೆಯವರೆಗೂ ಸೊನೆಯ ಪರಿಮಳ.

"ಅದೊಂದು ಮರವನಾ?"

"ಅದೊಂದೇ."

"ಹಂಗಾದ್ರೆ ಉಳಿದದ್ದಕ್ಕೆ ಜಗಳ ಎಂತಕ್ಕೆ?"

"ಚೇಣಿಗೆ ಕೊಡುವಾಗ ಅಣ್ಣ ಒಂದು ಫೋನ್ ಮಾಡ್ಲಿಲ್ಲ."

"ಮಾಡಿದ್ರೆ ದುಡ್ಡೆಷ್ಟು ಬಂತು ಅಂತಿದ್ದೆ," ಎಂದ ಸುಬ್ರಾಯ.

"ಅಂತಿದ್ದೆ," ಗಣಪತಿ ಒಪ್ಪಿಕೊಂಡ.

ಅತ್ತೆ ಅಂಗಳಕ್ಕೆ ಹೋಗಿ ಕವಳ ಉಗಿದು ಬಂದಳು.

"ಆ ಒಂದು ಮರ ನಿಂತ್ರೆ ಎಷ್ಟು ಅಡಿಕೆ ಗಿಡದ ಜಾಗ ಹೋಗ್ತದೆ ಸುಬ್ರಾಯ?"

"ಹದಿನೈದು. ನೆರಳು ಲೆಕ್ಕ ಹಾಕಿದ್ರೆ ಇಪ್ಪತ್ತು."

"ಬದಲಿಗೆ ರಸ್ತೆ ಕಡೆ ಎರಡು ಗುಂಟೆ ತಗೋ ಅಣ್ಣ."

"ನೀರಿಲ್ಲದ ಜಾಗ ನಂಗೆಂತಕ್ಕೆ? ಮರ ಇರ್ಲಿ. ಆದ್ರೆ ಹತ್ತೋ ಆಳು ಸಿಗಲ್ಲ, ಮಾರ್ಚಲ್ಲಿ ನೀನೇ ಬರ್ಬೇಕು."

"ಹತ್ತಕ್ಕೆ ಬರ್ತದನಾ ನಿಂಗೆ?" ಅತ್ತೆ ಕೇಳಿದಳು.

ಗಣಪತಿ ಅದಕ್ಕೆ ಉತ್ತರ ಕೊಡಲಿಲ್ಲ. "ಕಡಿಯೋ ಮರದ ದುಡ್ಡಲ್ಲಿ ನಂಗೆ ಅರ್ಧ," ಎಂದ.

"ಕಡಿಯೋ ಕೂಲೀಲೂ ಅರ್ಧ," ಎಂದ ಸುಬ್ರಾಯ, ಪಹಣಿಯ ಹಿಂಬದಿಯಲ್ಲಿ ಬರೆದುಕೊಳ್ಳುತ್ತ.