ಬಿಲ್ಲಿಂಗ್ ಆಪ್‌ನಲ್ಲಿ ತೊಂದರೆ: ಶನಿವಾರ ಬೆಳಿಗ್ಗೆ 10:40ರ ಮಾಹಿತಿ

ಬೆಳಿಗ್ಗೆ 10:20ರಿಂದ ಗಿರಾಕಿ ಯುಪಿಐನಲ್ಲಿ ದುಡ್ಡು ಕಟ್ಟಿದರೂ ನಮ್ಮ ಆಪ್‌ನ ಬಿಲ್ ಮೇಲೆ "ಬಾಕಿ" ಅಂತಲೇ ತೋರಿಸುತ್ತಿದೆ. ತೊಂದರೆ ನಮ್ಮ ಕಡೆಯದು, ನಿಮ್ಮ ಫೋನಿನದಲ್ಲ, ಹಾಗಾಗಿ ಸುಮ್ನೆ ಆಪ್ ತೆಗೆದು ಮತ್ತೆ ಹಾಕಬೇಡಿ, ಇನ್ನೂ ಅಪ್‌ಲೋಡ್ ಆಗದ ಬಿಲ್‌ಗಳು ಅಳಿಸಿಹೋಗುತ್ತವೆ. ಬಿಲ್ ಮಾಡುವುದು, ಪ್ರಿಂಟ್, ಸ್ಟಾಕ್ ಎಲ್ಲ ನಡೆಯುತ್ತಿದೆ. ದುಡ್ಡು ನೇರ ನಿಮ್ಮ ಬ್ಯಾಂಕ್ ಖಾತೆಗೇ ಹೋಗುತ್ತದೆ, ನಮ್ಮಲ್ಲಿ ನಿಲ್ಲುವುದಿಲ್ಲ. ಬ್ಯಾಂಕ್ ಆಪ್‌ನಲ್ಲಿ ನೋಡಿ, ಬಂದಿದ್ದರೆ ದಯವಿಟ್ಟು ಗಿರಾಕಿಯಿಂದ ಎರಡನೇ ಸಲ ಕಟ್ಟಿಸಿಕೊಳ್ಳಬೇಡಿ. ಕಾರಣ ಹುಡುಕುತ್ತಿದ್ದೇವೆ. ಯಾವಾಗ ಸರಿಹೋಗುತ್ತದೆ ಅಂತ ಖಚಿತವಾದ ಮೇಲೆಯೇ ಹೇಳುತ್ತೇವೆ. ವ್ಯಾಪಾರ ಜಾಸ್ತಿ ಇರುವ ದಿನವೇ ಹೀಗಾಯಿತು, ಕ್ಷಮಿಸಿ. ಸರಿಹೋಗಲಿ, ಬಿಡಲಿ, 11:10ಕ್ಕೆ ಇಲ್ಲೇ ಮತ್ತೆ ಬರೆಯುತ್ತೇವೆ.